ಒಂದೊಂದು ಮೈಕೂ ಒಂದೊಂದು ಟ್ರ್ಯಾಕಿಗೆ: ಎಕ್ಸ್32 ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಯುಎಸ್‌ಬಿ ರೆಕಾರ್ಡಿಂಗ್

ಪ್ರಶ್ನೆ: ನಮ್ಮದು ಸುಗಮ ಸಂಗೀತ ತಂಡ. ಬೆಹ್ರಿಂಗರ್ ಎಕ್ಸ್32 ಮಿಕ್ಸರ್, ವೇದಿಕೆ ಮೇಲೆ ಎಸ್16 ಸ್ಟೇಜ್ ಬಾಕ್ಸ್, ವಿಂಡೋಸ್ ಲ್ಯಾಪ್‌ಟಾಪು, ರೀಪರ್ ಸಾಫ್ಟ್‌ವೇರ್ ಇವೆ. ಹೋದ ಸಲ ಯುಎಸ್‌ಬಿ ಹಾಕಿ ರೆಕಾರ್ಡ್ ಮಾಡಿದೆವು. ಎರಡು ಕಾರ್ಡ್‌ಲೆಸ್ ಮೈಕು ಬಿಟ್ಟರೆ ಉಳಿದ ಟ್ರ್ಯಾಕೆಲ್ಲ ಖಾಲಿ. ಬಂದಿದ್ದರಲ್ಲೂ ಮಧ್ಯೆ ಮಧ್ಯೆ ಚಟ್ ಚಟ್ ಸದ್ದು, ಗಾಯಕಿಯ ತಾರಸ್ಥಾಯಿ ಒಡೆದಿದೆ, ಹಾಲಿನಲ್ಲಿ ಮಾತ್ರ ಚೆನ್ನಾಗಿಯೇ ಕೇಳಿತ್ತು. ಕರೆಂಟ್ ಹೋಗಿ ಜನರೇಟರ್ ಬಂದ ಮೇಲಿನ ಹಾಡುಗಳೇ ಇಲ್ಲ. ಮುಂದಿನ ತಿಂಗಳು ಮೂರು ಗಂಟೆಯ ಕಾರ್ಯಕ್ರಮವಿದೆ. ಈ ಸಲ ಸರಿಯಾಗಿ ಬರಲು ಏನು ಮಾಡಬೇಕು?

ಉತ್ತರ: ನೀವು ಹೇಳಿದ ನಾಲ್ಕು ತೊಂದರೆಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಖಾಲಿ ಟ್ರ್ಯಾಕಿನಿಂದ ಶುರು ಮಾಡೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಎಕ್ಸ್32ರ ಹಿಂಭಾಗದ ಕಾರ್ಡಿನಲ್ಲಿರುವ ಚೌಕಾಕಾರದ ಯುಎಸ್‌ಬಿ ಕಿಂಡಿಯಿಂದ 32 ಚಾನೆಲ್ ಹೊರಗೆ ಹೋಗುತ್ತವೆ. (ಮೇಲ್ಭಾಗದಲ್ಲಿ ಪೆನ್‌ಡ್ರೈವ್ ಚುಚ್ಚುವ ಕಿಂಡಿ ಬೇರೆ, ಅದರಲ್ಲಿ ಎರಡೇ ಟ್ರ್ಯಾಕ್.) ಈ 32 ದಾರಿಗಳಲ್ಲಿ ಏನು ಹೋಗಬೇಕು ಎನ್ನುವುದನ್ನು ಮಿಕ್ಸರ್ ತಾನಾಗಿ ಊಹಿಸುವುದಿಲ್ಲ. ನಿಮ್ಮ ಫೇಡರ್ ಮೇಲೆ "ಕೊಳಲು" ಎಂದು ಬರೆದಿದೆಯೋ "ತಬಲ" ಎಂದು ಬರೆದಿದೆಯೋ ಅದಕ್ಕೂ ಕಾರ್ಡಿಗೂ ಸಂಬಂಧವಿಲ್ಲ. ಕಾರ್ಡು ನೋಡುವುದು ತಂತಿ ಚುಚ್ಚಿದ ಕಿಂಡಿಯನ್ನು, ಅದೂ ಎಂಟೆಂಟರ ಕಟ್ಟಿನಲ್ಲಿ. ಮೊದಲಿನಿಂದ ಇರುವ ಸೆಟ್ಟಿಂಗಿನಲ್ಲಿ ನಾಲ್ಕೂ ಕಟ್ಟು `Local` ಅಂದರೆ ಮಿಕ್ಸರಿನ ಬೆನ್ನಿನ ಕಿಂಡಿಗಳಿಗೆ ಅಂಟಿರುತ್ತವೆ. ನಿಮ್ಮ ಕಾರ್ಡ್‌ಲೆಸ್ ರಿಸೀವರುಗಳು ಮಿಕ್ಸರಿನ ಪಕ್ಕದಲ್ಲೇ ಇದ್ದು ಅದರ ಬೆನ್ನಿಗೇ ಚುಚ್ಚಿದ್ದವು, ಆದ್ದರಿಂದ ಅವೆರಡು ಬಂದವು. ಉಳಿದ ಮೈಕುಗಳು ಸ್ಟೇಜ್ ಬಾಕ್ಸಿನಿಂದ ಎಇಎಸ್50 ಕೇಬಲ್ ಮೂಲಕ ಒಳಗೆ ಬಂದವು. ಚಾನೆಲ್‌ಗಳಿಗೆ ಬಂದು ಹಾಲಿನಲ್ಲಿ ಕೇಳಿಸಿದವು, ಕಾರ್ಡು ಮಾತ್ರ ಖಾಲಿ ಕಿಂಡಿಗಳನ್ನೇ ನಿಷ್ಠೆಯಿಂದ ರೆಕಾರ್ಡ್ ಮಾಡಿತು.

ಹಾಗಾಗಿ ಮೊದಲು ಕಾಗದದ ಮೇಲೆ ಪಟ್ಟಿ ಮಾಡಿಕೊಳ್ಳಿ. ಸುಗಮ ಸಂಗೀತ ತಂಡಕ್ಕೆ ಸಾಮಾನ್ಯವಾಗಿ ಹೊಂದುವ ಒಂದು ಲೆಕ್ಕ ಇಲ್ಲಿದೆ, ನಿಮ್ಮದಕ್ಕೆ ತಕ್ಕಂತೆ ಬದಲಿಸಿ. ಸ್ಟೇಜ್ ಬಾಕ್ಸಿನ 1ರಿಂದ 3 ಸಹಗಾಯಕರು, 4 ಮತ್ತು 5 ತಬಲದ ಬಲ ಎಡ, 6 ಢೋಲಕ್, 7 ಮತ್ತು 8 ರಿದಂ ಪ್ಯಾಡ್, 9 ಮತ್ತು 10 ಕೀಬೋರ್ಡ್, 11 ಕೊಳಲು, 12 ಹಾರ್ಮೋನಿಯಂ, 13 ಗಿಟಾರ್, 14 ನಿರೂಪಕರು. 15 ಮತ್ತು 16ಕ್ಕೆ ಪ್ರೇಕ್ಷಕರ ಕಡೆ ಮುಖ ಮಾಡಿದ ಎರಡು ಮೈಕು, ಅವುಗಳ ವಿಷಯ ಆಮೇಲೆ. ಗಾಯಕ ಗಾಯಕಿಯರ ಎರಡು ಕಾರ್ಡ್‌ಲೆಸ್ ಮಿಕ್ಸರಿನ ಬೆನ್ನಿನ 17 ಮತ್ತು 18ಕ್ಕೆ. ಈಗ ಮಿಕ್ಸರಿನಲ್ಲಿ `ROUTING` ಒತ್ತಿ, `Card Out` ಪುಟಕ್ಕೆ ಹೋಗಿ ಹೀಗೆ ಇಡಿ:

```
Card 1-8     AES50 A 1-8
Card 9-16    AES50 A 9-16
Card 17-24   Local 17-24
Card 25-32   Out 9-16
```

ಸ್ಟೇಜ್ ಬಾಕ್ಸಿನ ಕೇಬಲ್ ಎಇಎಸ್50ರ `B` ಕಿಂಡಿಯಲ್ಲಿದ್ದರೆ `A` ಬದಲು `B`. ಕೊನೆಯ ಸಾಲು ಬೇಕೆಂದೇ ಹಾಕಿದ್ದು. ಎಕ್ಸ್32ರ ದೊಡ್ಡ ಮಾದರಿಯಲ್ಲಿ ಸ್ಪೀಕರಿಗೆ ಹೋಗುವ ಮುಖ್ಯ ಎಡ ಬಲ ಮೊದಲಿನಿಂದಲೂ 15 ಮತ್ತು 16ನೇ ಔಟ್‌ಪುಟ್‌ಗಳಲ್ಲಿರುತ್ತದೆ. ಆದ್ದರಿಂದ ಕಾರ್ಡಿನ 31 ಮತ್ತು 32ರಲ್ಲಿ ನೀವು ಹಾಲಿನಲ್ಲಿ ಮಾಡಿದ ಮಿಕ್ಸ್ ಹಾಗೇ ಬಂದು ಕೂರುತ್ತದೆ. ವೀಡಿಯೊ ಜೋಡಿಸುವವರಿಗೆ ಮಾರನೇ ದಿನವೇ ಕೊಡಲು, ಯಾವ ಹಾಡು ಎಲ್ಲಿದೆ ಎಂದು ಹುಡುಕಲು ಈ ಎರಡು ಟ್ರ್ಯಾಕಿನಷ್ಟು ಉಪಕಾರಿ ಇನ್ನೊಂದಿಲ್ಲ. ನಿಮ್ಮದು ಕಾಂಪ್ಯಾಕ್ಟ್ ಅಥವಾ ಪ್ರೊಡ್ಯೂಸರ್ ಮಾದರಿಯಾಗಿದ್ದರೆ, ಇಲ್ಲವೇ ಸ್ಪೀಕರನ್ನು ಬೇರೆ ಔಟ್‌ಪುಟ್‌ಗೆ ಹಾಕಿದ್ದರೆ, ಎಡ ಬಲ ಯಾವ ಔಟ್‌ಪುಟ್‌ನಲ್ಲಿದೆ ಎಂದು ನೋಡಿ ಆ ಕಟ್ಟನ್ನು ಆರಿಸಿ.

ಇಲ್ಲೊಂದು ಎಚ್ಚರಿಕೆ. ಈ ರೂಟಿಂಗ್ ಮಿಕ್ಸರಿನ ಸೀನ್, ಅಂದರೆ ಉಳಿಸಿಟ್ಟ ಸೆಟ್ಟಿಂಗುಗಳ ಕಟ್ಟಿನ ಜೊತೆಗೇ ಉಳಿಯುತ್ತದೆ. ನೀವು ಬೆಳಗ್ಗೆ ಎಲ್ಲ ಸರಿ ಮಾಡಿ, ಸಂಜೆ ಆಪರೇಟರು ತಮ್ಮ ಹಳೇ ಸೀನನ್ನು ಲೋಡ್ ಮಾಡಿದರೆ `Card Out` ಮತ್ತೆ `Local`ಗೆ ಹೋಗಿಬಿಡಬಹುದು. ಸೀನ್ ಲೋಡ್ ಆದ ಮೇಲೆ ಈ ಪುಟವನ್ನು ನೋಡುವುದು ಅಭ್ಯಾಸವಾಗಲಿ, ಸರಿ ಮಾಡಿದ್ದನ್ನು ಹೊಸ ಸೀನಾಗಿ ಉಳಿಸಿಕೊಳ್ಳಿ.

ಹೀಗೆ ತೆಗೆದ ಟ್ರ್ಯಾಕುಗಳು ಮೈಕಿನ ಗೇನ್ ಆದ ಕೂಡಲೇ ಹೊರಟವು. ಇಕ್ಯೂ, ಕಂಪ್ರೆಸರ್, ಲೋ ಕಟ್, ಫೇಡರ್, ಮ್ಯೂಟ್ ಯಾವುದೂ ಇದರಲ್ಲಿ ಇರುವುದಿಲ್ಲ. ಆಪರೇಟರು ನಿರೂಪಕರ ಚಾನೆಲ್ ಮ್ಯೂಟ್ ಮಾಡಿದ್ದರೂ ಅವರು ಪಕ್ಕದವರ ಹತ್ತಿರ ಆಡಿದ ಮಾತು ರೆಕಾರ್ಡ್ ಆಗಿರುತ್ತದೆ, ತಂಡಕ್ಕೆ ಮುಂಚೆಯೇ ಹೇಳಿಬಿಡಿ. ಆಮೇಲೆ ಕೂತು ಮಿಕ್ಸ್ ಮಾಡುವುದಾದರೆ ಹೀಗೆ ಹಸಿಯಾಗಿ ತೆಗೆಯುವುದೇ ಸರಿ. ಹಾಲಿನ ಸ್ಪೀಕರಿಗೆಂದು ಮಾಡಿದ ಇಕ್ಯೂ ಮನೆಯಲ್ಲಿ ಕೇಳುವವರಿಗೆ ಹೊಂದುವುದಿಲ್ಲ, ಟ್ರ್ಯಾಕಿಗೆ ಒಮ್ಮೆ ಹತ್ತಿದ ಕಂಪ್ರೆಶನ್ನನ್ನು ಬಿಡಿಸಲೂ ಆಗುವುದಿಲ್ಲ.

ಅಲ್ಲಿಯೇ ನಿಮ್ಮ ಗಾಯಕಿಯ ದನಿಯ ಕಥೆಯೂ ಇದೆ. ಫೇಡರ್ ಇಳಿಸಿದರೆ ಹಾಲಿನಲ್ಲಿ ದನಿ ತಗ್ಗುತ್ತದೆ, ರೆಕಾರ್ಡಿಂಗಿನಲ್ಲಿ ತಗ್ಗುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಗೇನ್ ಒಂದೇ. ಗೇನ್ ಜಾಸ್ತಿ ಇಟ್ಟು ಫೇಡರ್ ಕೆಳಗಿಟ್ಟುಕೊಂಡಿದ್ದರೆ ತಾರಸ್ಥಾಯಿಗೆ ಹೋದಾಗಲೆಲ್ಲ ದನಿ ಒಳಬಾಗಿಲಲ್ಲೇ ಒಡೆದಿರುತ್ತದೆ. ಒಡೆದ ದನಿ ಹಾಲಿಗೂ ಹೋಗಿತ್ತು, ಆದರೆ ಕ್ಷಣಕಾಲದ ಒಡಕು ಸ್ಪೀಕರು, ತಬಲ, ಜನರ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಹೆಡ್‌ಫೋನಿನಲ್ಲಿ ಅದೊಂದನ್ನೇ ಕೇಳಿದಾಗ ಅಡಗಿಕೊಳ್ಳಲು ಜಾಗವಿಲ್ಲ.

ಆದರೆ ಗೇನ್ ಮೇಲೆ ತಪ್ಪು ಹೊರಿಸುವ ಮೊದಲು ಹಳೇ ರೆಕಾರ್ಡಿಂಗನ್ನು ರೀಪರಿನಲ್ಲಿ ತೆರೆದು, ಒಡೆದ ಜಾಗವನ್ನು ಅಲೆ ಒಂದೊಂದಾಗಿ ಕಾಣುವಷ್ಟು ಹಿಗ್ಗಿಸಿ ನೋಡಿ. ಅಲೆಯ ತಲೆ ಕತ್ತಿಯಲ್ಲಿ ಸವರಿದಂತೆ ಚಪ್ಪಟೆಯಾಗಿದ್ದು, ಆ ಚಪ್ಪಟೆ ಸರಿಯಾಗಿ 0 ಡಿಬಿ ಗೆರೆಯಲ್ಲಿದ್ದರೆ ಒಡೆದದ್ದು ಮಿಕ್ಸರಿನ ಒಳಬಾಗಿಲಲ್ಲಿ, ಗೇನ್ ಇಳಿಸಿದರೆ ಸರಿಹೋಗುತ್ತದೆ. ಚಪ್ಪಟೆ 0ಕ್ಕಿಂತ ಕೆಳಗೆ, ಉದಾಹರಣೆಗೆ -8ರಲ್ಲೋ -10ರಲ್ಲೋ ಇದ್ದರೆ ಒಡೆದದ್ದು ಮಿಕ್ಸರಿಗೆ ಬರುವ ಮೊದಲೇ. ಕಾರ್ಡ್‌ಲೆಸ್ ಮೈಕಿನಲ್ಲಿ ಇದು ಸಾಮಾನ್ಯ. ಕೈಯಲ್ಲಿ ಹಿಡಿಯುವ ಮೈಕಿನ ಒಳಗೇ ಒಂದು ಸೆನ್ಸಿಟಿವಿಟಿ ಸೆಟ್ಟಿಂಗ್ ಇರುತ್ತದೆ, ಅದನ್ನು ಇಳಿಸದೆ ಮಿಕ್ಸರಿನ ಗೇನ್ ಎಷ್ಟು ಇಳಿಸಿದರೂ ಅದೇ ಒಡಕು ಸಣ್ಣ ದನಿಯಲ್ಲಿ ಕೇಳುತ್ತದೆ.

ಸೌಂಡ್ ಚೆಕ್‌ನಲ್ಲಿ ಗಾಯಕಿಗೆ ಪಲ್ಲವಿ ಹಾಡಿಸಿ ಬಿಟ್ಟುಬಿಡಬೇಡಿ. ಆ ಸಂಜೆಯ ಹಾಡುಗಳಲ್ಲಿ ಎಲ್ಲಕ್ಕಿಂತ ಎತ್ತರದ ಸಾಲು ಯಾವುದೋ ಅದನ್ನು ಪೂರ್ತಿ ದನಿಯಲ್ಲಿ ಹಾಡಿಸಿ, ಆಗ ಮೀಟರಿನ ತುದಿ -12ರ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡಿ. ಜನ ತುಂಬಿದ ಮೇಲೆ ಯಾರೇ ಆಗಲಿ ಸೌಂಡ್ ಚೆಕ್‌ಗಿಂತ ಜೋರಾಗಿಯೇ ಹಾಡುತ್ತಾರೆ, ಆ 12 ಡಿಬಿ ಅದಕ್ಕಾಗಿ. ರಿದಂ ಪ್ಯಾಡಿನವರು ಹೊಸ ಟೋನ್‌ಗೆ ಬದಲಿಸಿದಾಗ ಮಟ್ಟ ಒಮ್ಮೆಲೇ ಏರುತ್ತದೆ, ಅವರ ಜೋರಾದ ಟೋನನ್ನೇ ಬಾರಿಸಿ ನೋಡಿ. "ಇಷ್ಟು ಕಡಿಮೆ ಇಟ್ಟರೆ ಹಿಸ್ ಬರುವುದಿಲ್ಲವೇ" ಎಂದು ಕೇಳುವವರಿದ್ದಾರೆ. 24 ಬಿಟ್ ರೆಕಾರ್ಡಿಂಗಿನಲ್ಲಿ ಒಂದು ಬಿಟ್ ಅಂದರೆ ಸುಮಾರು 6 ಡಿಬಿ. 12 ಡಿಬಿ ಬಿಟ್ಟುಕೊಟ್ಟರೆ ಹೋಗುವುದು ಎರಡು ಬಿಟ್, ಉಳಿಯುವುದು 22. ಹಾಲಿನ ಫ್ಯಾನಿನ ಸದ್ದೇ ಅದಕ್ಕಿಂತ ಎಷ್ಟೋ ಮೇಲಿರುತ್ತದೆ.

ಕಾರ್ಯಕ್ರಮ ಶುರುವಾದ ಮೇಲೆ ಗೇನ್ ಮುಟ್ಟಬೇಡಿ ಎಂದು ಆಪರೇಟರಿಗೆ ಮೊದಲೇ ಹೇಳಿ. ಹಾಡಿನ ನಡುವೆ ಗೇನ್ 4 ಡಿಬಿ ತಿರುಗಿಸಿದರೆ ರೆಕಾರ್ಡಿಂಗಿನಲ್ಲೂ ಅಲ್ಲಿ 4 ಡಿಬಿ ಮೆಟ್ಟಿಲು ಬೀಳುತ್ತದೆ, ವೇದಿಕೆಯ ಮಾನಿಟರೂ ಏರಿ ಕುಯ್ಗುಡಬಹುದು. ಏರಿಸುವುದು ಇಳಿಸುವುದೆಲ್ಲ ಫೇಡರಿನಲ್ಲಿ. ಮೀಟರು ಕೆಂಪು ಮುಟ್ಟಿದರೆ ಮಾತ್ರ ಇದಕ್ಕೆ ವಿನಾಯಿತಿ: ಒಡೆದ ದನಿಗಿಂತ ಮೆಟ್ಟಿಲೇ ವಾಸಿ, ಅದನ್ನು ಆಮೇಲೆ ಸಮ ಮಾಡಬಹುದು.

ಇನ್ನು ಲ್ಯಾಪ್‌ಟಾಪು. ವಿಂಡೋಸಿನಲ್ಲಿ ಬೆಹ್ರಿಂಗರಿನ ಆಸಿಯೊ ಡ್ರೈವರ್ ಹಾಕಿಯೇ ತೀರಬೇಕು, ಮ್ಯಾಕ್‌ಗೆ ಡ್ರೈವರ್ ಬೇಡ. ರೀಪರಿನಲ್ಲಿ `Preferences > Audio > Device` ತೆರೆದು `Audio system` ಎದುರು `ASIO` ಆರಿಸಿ, `Enable inputs` ಗುರುತು ಹಾಕಿ, ಮೊದಲ ಇನ್‌ಪುಟ್ 1, ಕೊನೆಯದು 32 ಎಂದು ಕೊಡಿ. 32 ಕಾಣದೆ ಎರಡೇ ಇನ್‌ಪುಟ್ ಕಂಡರೆ ಮೂರು ಕಡೆ ನೋಡಿ: ಆಸಿಯೊ ಬದಲು ವಿಂಡೋಸಿನ ಬೇರೆ ಡ್ರೈವರ್ ಆರಿಸಿರಬಹುದು, ಮಿಕ್ಸರಿನ `SETUP` ಒಳಗೆ ಕಾರ್ಡಿನ ಪುಟದಲ್ಲಿ 32/32ರ ಬದಲು 2/2 ಇರಬಹುದು, ಇಲ್ಲವೇ ಕೇಬಲ್ ತಪ್ಪು ಕಿಂಡಿಯಲ್ಲಿರಬಹುದು.

ಮಿಕ್ಸರಿನ `SETUP`ನಲ್ಲಿ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇದ್ದರೆ ರೀಪರಿನ ಪ್ರಾಜೆಕ್ಟಿನಲ್ಲೂ 48000 ಇರಲಿ, ವೀಡಿಯೊಗೂ ಅದೇ ಬೇಕು. ಅಲ್ಲೇ ಕ್ಲಾಕಿನ ಮೂಲ `Local` ಎಂದಿರಬೇಕು, ಅಂದರೆ ಮಿಕ್ಸರೇ ಯಜಮಾನ, ಸ್ಟೇಜ್ ಬಾಕ್ಸು ಮತ್ತು ಲ್ಯಾಪ್‌ಟಾಪು ಅದರ ತಾಳಕ್ಕೆ ಕುಣಿಯಬೇಕು. 48ರಲ್ಲಿ ತೆಗೆದದ್ದನ್ನು 44.1 ಎಂದುಕೊಂಡು ನುಡಿಸಿದರೆ ಹಾಡು ನೂರಕ್ಕೆ ಸುಮಾರು 9ರಷ್ಟು ಉದ್ದವಾಗಿ, ಶ್ರುತಿ ಕೀಬೋರ್ಡಿನ ಕರಿ ಬಿಳಿ ಸೇರಿಸಿ ಎಣಿಸಿದರೆ ಹೆಚ್ಚುಕಡಿಮೆ ಒಂದೂವರೆ ಕೀ ಕೆಳಗೆ ಇಳಿದಿರುತ್ತದೆ. ಸಂಗೀತದವರ ಕಿವಿಗೆ ಇದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಈಗ ಚಟ್ ಚಟ್. ಎಲ್ಲ ಚಟ್ ಸದ್ದೂ ಒಂದೇ ಅಲ್ಲ, ಪರದೆಯ ಮೇಲೆ ನೋಡಿದರೆ ಕುಲ ಗೊತ್ತಾಗುತ್ತದೆ. ಒಂದೇ ಟ್ರ್ಯಾಕಿನಲ್ಲಿ ಮಾತ್ರ ಇದ್ದರೆ ಅದು ವೇದಿಕೆಯ ಮಾತು: ಸಡಿಲ ಕೇಬಲ್, ಕಾರ್ಡ್‌ಲೆಸ್ಸಿನ ಸಿಗ್ನಲ್ ತುಂಡಾಗುವುದು, ಕನೆಕ್ಟರ್ ಬೆಸುಗೆ ಬಿಟ್ಟಿರುವುದು. ಎಲ್ಲ ಟ್ರ್ಯಾಕಿನಲ್ಲೂ, ಹೆಚ್ಚುಕಡಿಮೆ ಸಮನಾದ ಅಂತರದಲ್ಲಿ, ಗಡಿಯಾರದ ಮುಳ್ಳಿನಂತೆ ಬರುತ್ತಿದ್ದರೆ ಕ್ಲಾಕ್ ಜಗಳ: ಎರಡು ಯಂತ್ರ ಇಬ್ಬರೂ ತಾವೇ ಯಜಮಾನರು ಎಂದುಕೊಂಡಿವೆ. ಎಲ್ಲ ಟ್ರ್ಯಾಕಿನಲ್ಲೂ ಒಂದೇ ಕ್ಷಣದಲ್ಲಿ, ಆದರೆ ಯಾವಾಗೆಂದರೆ ಆವಾಗ ಬಂದರೆ ಲ್ಯಾಪ್‌ಟಾಪು ಉಸಿರು ಬಿಟ್ಟುಕೊಂಡಿದೆ, ಕೆಲವು ಸ್ಯಾಂಪಲ್ ಬಿದ್ದುಹೋಗಿವೆ. ಈ ಮೂರನೆಯದರಲ್ಲಿ ಇನ್ನೊಂದು ಗುರುತು ಸಿಗುತ್ತದೆ: ಪ್ರತಿ ಚಟ್‌ಗೂ ರೆಕಾರ್ಡಿಂಗ್ ಒಂದಿಷ್ಟು ಗಿಡ್ಡವಾಗುತ್ತಾ ಹೋಗಿ, ಮೊದಲ ಹಾಡಿನಲ್ಲಿ ವೀಡಿಯೊಗೆ ಹೊಂದಿದ್ದ ತುಟಿ ಕೊನೆಯ ಹಾಡಿನಲ್ಲಿ ಹೊಂದುವುದಿಲ್ಲ. ನಿಮ್ಮ ಎರಡು ಕಾರ್ಡ್‌ಲೆಸ್ ಟ್ರ್ಯಾಕನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಚಟ್ ಎರಡರಲ್ಲೂ ಒಂದೇ ಗೆರೆಯಲ್ಲಿದ್ದರೆ ಮೈಕನ್ನು ಬೈಯಬೇಡಿ.

ಲ್ಯಾಪ್‌ಟಾಪಿನ ವೇಗ ಸಾಲದು ಎಂದು ಜನ ಹೊಸದು ಕೊಳ್ಳಲು ಹೊರಡುತ್ತಾರೆ. ಲೆಕ್ಕ ಹಾಕಿ ನೋಡಿ: 24 ಬಿಟ್, 48 ಕಿಲೋಹರ್ಟ್ಸಿನ ಒಂದು ಟ್ರ್ಯಾಕ್ ಸೆಕೆಂಡಿಗೆ 1,44,000 ಬೈಟ್, 32 ಟ್ರ್ಯಾಕೂ ಸೇರಿ ಸೆಕೆಂಡಿಗೆ 4.6 ಎಂಬಿ. ಯಾವ ಎಸ್‌ಎಸ್‌ಡಿಗೂ ಇದು ಭಾರವಲ್ಲ. ತೊಂದರೆ ವೇಗದ್ದಲ್ಲ, ಗಮನದ್ದು. ವೈಫೈ ಡ್ರೈವರೋ, ಆಂಟಿವೈರಸ್ಸೋ, ಕರೆಂಟ್ ಉಳಿಸುವ ಸೆಟ್ಟಿಂಗೋ ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡು ತನ್ನ ಕಡೆ ಎಳೆದುಕೊಳ್ಳುತ್ತದೆ, ಅಷ್ಟರಲ್ಲಿ ಯುಎಸ್‌ಬಿಯಿಂದ ಬಂದ ಸದ್ದನ್ನು ತೆಗೆದಿಡುವವರಿಲ್ಲದೆ ಅದು ಹೋಗಿಬಿಡುತ್ತದೆ. ಇದಕ್ಕೆ ಮೊದಲ ಮದ್ದು ಬಫರ್, ಅಂದರೆ ಬಂದ ಸದ್ದು ತುಸು ಹೊತ್ತು ಕಾಯುವ ಜಾಗವನ್ನು ದೊಡ್ಡದು ಮಾಡುವುದು. ಸ್ಟುಡಿಯೊದಲ್ಲಿ 64, 128 ಎಂದು ಚಿಕ್ಕದಿಟ್ಟು ಅಭ್ಯಾಸವಾದವರು ಇಲ್ಲೂ ಹಾಗೇ ಇಡುತ್ತಾರೆ. ಇಲ್ಲಿ ಯಾರೂ ಲ್ಯಾಪ್‌ಟಾಪಿನ ಮೂಲಕ ತಮ್ಮ ದನಿ ಕೇಳಿಕೊಳ್ಳುತ್ತಿಲ್ಲ, ಎಲ್ಲ ಮಿಕ್ಸರಿನಿಂದಲೇ ಕೇಳುತ್ತಿದೆ, ತಡವಾದರೆ ನಷ್ಟವೇನು? ಡ್ರೈವರಿನ ಕಿಟಕಿಯಲ್ಲಿ 1024 ಅಥವಾ ಅದು ಕೊಡುವಷ್ಟು ದೊಡ್ಡದು ಇಡಿ. 1024 ಅಂದರೆ 21 ಮಿಲಿಸೆಕೆಂಡಿನ ಜೋಳಿಗೆ.

ಆಮೇಲೆ ಲ್ಯಾಪ್‌ಟಾಪನ್ನು ಆ ಸಂಜೆಯ ಮಟ್ಟಿಗೆ ಒಂದೇ ಕೆಲಸದ ಯಂತ್ರ ಮಾಡಿ. ಏರೋಪ್ಲೇನ್ ಮೋಡ್ ಹಾಕಿ, ವಿಂಡೋಸ್ ಅಪ್‌ಡೇಟ್ ತಡೆಹಿಡಿಯಿರಿ, ಪವರ್ ಆಪ್ಷನ್ನಿನಲ್ಲಿ `USB selective suspend` ಬಂದ್ ಮಾಡಿ, ಮುಚ್ಚಳ ಮುಚ್ಚಿದರೂ ನಿದ್ದೆ ಹೋಗದಂತೆ ಇಡಿ. ಪೂರ್ತಿ ಶಕ್ತಿಯ ಪ್ಲಾನಿಗೆ ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ಮೊದಲ ಸಾಲು, ಮ್ಯಾಕ್ ಇದ್ದರೆ ಟರ್ಮಿನಲ್ಲಿನಲ್ಲಿ ಎರಡನೆಯದು:

```
powercfg /setactive SCHEME_MIN
caffeinate -dims
```

ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಮೊದಲ ಸಾಲಿನ ಪ್ಲಾನೇ ಇರುವುದಿಲ್ಲ, ಅಲ್ಲಿ ಸೆಟ್ಟಿಂಗ್ಸಿನಲ್ಲಿ `Best performance` ಆರಿಸಿದರೆ ಸಾಕು. ಲೇಟೆನ್ಸಿಮಾನ್ ಎಂಬ ಉಚಿತ ಸಾಫ್ಟ್‌ವೇರನ್ನು ಮನೆಯಲ್ಲಿ ಹದಿನೈದು ನಿಮಿಷ ಓಡಿಸಿದರೆ ಯಾವ ಡ್ರೈವರ್ ಅಡ್ಡ ಬರುತ್ತಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಯುಎಸ್‌ಬಿ ಕೇಬಲ್ 2 ಮೀಟರಿನಷ್ಟಿರಲಿ, 5 ಮೀಟರ್ ದಾಟುವಂತಿಲ್ಲ, ನಡುವೆ ಹಬ್ ಬೇಡ. ಮಿಕ್ಸರಿನ ಕಡೆಯ ಚೌಕ ಪ್ಲಗ್ಗಿಗೆ ಲಾಕ್ ಇರುವುದಿಲ್ಲ, ಯಾರದೋ ಕಾಲು ತಾಗಿದರೂ ಕಳಚುತ್ತದೆ. ಕೇಬಲನ್ನು ಒಂದು ಸುತ್ತು ಸಡಿಲ ಬಿಟ್ಟು ಮಿಕ್ಸರಿನ ಮೈಗೆ ಟೇಪಿನಲ್ಲಿ ಅಂಟಿಸಿ.

ರೀಪರಿನಲ್ಲಿ 20 ಟ್ರ್ಯಾಕ್ ಮಾಡಿ, ಹೆಸರು ಬರೆದು, `Alt+R` ಒತ್ತಿದರೆ ತೆರೆಯುವ `Routing Matrix`ನಲ್ಲಿ 1ರಿಂದ 18ರ ಇನ್‌ಪುಟ್‌ಗಳನ್ನು ಮೊದಲ 18ಕ್ಕೆ, 31 ಮತ್ತು 32ನ್ನು ಕೊನೆಯ ಎರಡಕ್ಕೆ ಕೊಡಿ. ಟ್ರ್ಯಾಕಿನ ಮಾನಿಟರಿಂಗ್ ಎಲ್ಲ ಆಫ್ ಇರಲಿ. ಫೈಲಿನ ಬಗೆ 24 ಬಿಟ್ ವೇವ್, ಪ್ರತಿ ಟ್ರ್ಯಾಕಿಗೂ ಬೇರೆ ಮೋನೊ ಫೈಲ್. ಒಂದು ಟ್ರ್ಯಾಕ್ ಗಂಟೆಗೆ 518 ಎಂಬಿ, ನಿಮ್ಮ 20 ಟ್ರ್ಯಾಕ್ ಮೂರು ಗಂಟೆಗೆ ಸುಮಾರು 31 ಜಿಬಿ, 60 ಜಿಬಿ ಖಾಲಿ ಇದ್ದರೆ ನಿಶ್ಚಿಂತೆ. ವೇವ್ ಫೈಲಿನ 4 ಜಿಬಿ ಮಿತಿ ಮೋನೊ ಟ್ರ್ಯಾಕಿಗೆ ಎಂಟು ಗಂಟೆ ದಾಟಿದ ಮೇಲೆ ಬರುತ್ತದೆ, 32 ಚಾನೆಲ್ಲನ್ನೂ ಒಂದೇ ಫೈಲಿಗೆ ತುಂಬಿದರೆ ಹದಿನೈದೇ ನಿಮಿಷಕ್ಕೆ. ಫೈಲು ಬೀಳುವ ಜಾಗವನ್ನು ನೀವೇ ಆರಿಸಿ, `D:\Rec` ಥರದ್ದು. ಡಾಕ್ಯುಮೆಂಟ್ಸ್ ಫೋಲ್ಡರ್ ಬೇಡ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಒನ್‌ಡ್ರೈವಿಗೆ ಸೇರಿದ್ದು, ಅರೆಬರೆ ಫೈಲನ್ನು ಹಾಡಿನ ನಡುವೆಯೇ ಮೇಲಕ್ಕೆ ಕಳಿಸಲು ಹೊರಡುತ್ತದೆ. `Preferences > Audio > Recording`ನಲ್ಲಿ ನಿಲ್ಲಿಸಿದಾಗ ಫೈಲ್ ಉಳಿಸಬೇಕೇ ಅಳಿಸಬೇಕೇ ಎಂದು ಕೇಳುವ ಆಯ್ಕೆ ಇದೆ, ಅದನ್ನು ತೆಗೆದುಬಿಡಿ. ಮೂರು ಗಂಟೆ ದಣಿದ ಕೈಯ ಎದುರು `Delete All` ಎಂಬ ಬಟನ್ ಇರಬಾರದು.

ಪ್ರೇಕ್ಷಕರ ಮೈಕುಗಳ ಬಗ್ಗೆ ಹೇಳುತ್ತೇನೆಂದಿದ್ದೆ. ಹತ್ತಿರದ ಮೈಕುಗಳಷ್ಟರಿಂದಲೇ ಮಾಡಿದ ಮಿಕ್ಸು ಖಾಲಿ ಕೋಣೆಯಲ್ಲಿ ಹಾಡಿದಂತಿರುತ್ತದೆ, ಹಾಡು ಮುಗಿದು ಚಪ್ಪಾಳೆ ಬರಬೇಕಾದ ಕಡೆ ಮೌನ. ಎರಡು ಕಂಡೆನ್ಸರ್ ಮೈಕನ್ನು ವೇದಿಕೆಯ ಮುಂಭಾಗದ ಎರಡು ಮೂಲೆಯಲ್ಲಿ, ಸ್ಪೀಕರಿನ ಬಾಯಿಗೆ ಸಿಗದಂತೆ, ಜನರತ್ತ ಇಡಿ. ಅವುಗಳ ಚಾನೆಲ್ಲನ್ನು ಮಿಕ್ಸರಿನಲ್ಲಿ ಮುಖ್ಯ ಎಡ ಬಲದಿಂದಲೂ ಮಾನಿಟರಿನಿಂದಲೂ ಬಿಡಿಸಿಡಿ. ಕಾರ್ಡಿಗೆ ಗೇನ್ ಆದ ಕೂಡಲೇ ಹೋಗುವುದರಿಂದ ರೆಕಾರ್ಡಿಂಗಿಗೆ ತೊಂದರೆಯಿಲ್ಲ, ಹಾಲಿನಲ್ಲಿ ಕುಯ್ಗುಡುವ ಭಯವೂ ಇಲ್ಲ. ಅನುಕೂಲವೆಂದು ಮಿಕ್ಸರಿನ ಹತ್ತಿರ ಇಡಬೇಡಿ: ಸದ್ದು 20 ಮೀಟರ್ ದಾಟಲು ಸುಮಾರು 58 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ತಬಲದ ಪ್ರತಿ ಪೆಟ್ಟಿಗೂ ಹಿಂದೊಂದು ಮರಿಪೆಟ್ಟು ಕೇಳುತ್ತದೆ. ಅಲ್ಲೇ ಇಡಬೇಕಾಗಿ ಬಂದರೆ ಆಮೇಲೆ ಆ ಎರಡು ಟ್ರ್ಯಾಕನ್ನು ಪರದೆಯಲ್ಲಿ ಅಷ್ಟು ಎಡಕ್ಕೆ ಸರಿಸಿ.

ಕರೆಂಟು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಿಕ್ಸರಿಗಿಲ್ಲ. ಜನರೇಟರಿಗೆ ಬದಲಾಗುವ ಆ ಕೆಲವು ಸೆಕೆಂಡಿನಲ್ಲಿ ಮಿಕ್ಸರ್ ಆರಿ ಮತ್ತೆ ಹೊತ್ತಿತು, ಯುಎಸ್‌ಬಿ ಮಾಯವಾಯಿತು, ರೀಪರ್ ರೆಕಾರ್ಡಿಂಗ್ ನಿಲ್ಲಿಸಿತು. ಹಾಡು ಮುಂದುವರಿಯಿತು, ಲ್ಯಾಪ್‌ಟಾಪಿನ ಪರದೆ ಯಾರೂ ನೋಡಲಿಲ್ಲ. ಎಕ್ಸ್32 ಎಳೆಯುವುದು ಸುಮಾರು 120 ವ್ಯಾಟ್. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್, ಬ್ಯಾಟರಿ ಚೆನ್ನಾಗಿದ್ದರೆ, ಬದಲಾಗುವ ಹೊತ್ತನ್ನು ದಾಟಿಸುತ್ತದೆ. ವೇದಿಕೆಯ ಸ್ಟೇಜ್ ಬಾಕ್ಸಿಗೂ ಒಂದು ಬೇಕು, ಅದು ಆರಿದರೆ ರೆಕಾರ್ಡಿಂಗ್ ನಿಲ್ಲದಿದ್ದರೂ 16 ಟ್ರ್ಯಾಕಿಗೆ ಮೌನ. ಆಂಪ್ಲಿಫೈಯರುಗಳನ್ನು ಈ ಯುಪಿಎಸ್‌ಗೆ ಹಚ್ಚಬೇಡಿ. ಲ್ಯಾಪ್‌ಟಾಪಿನ ಚಾರ್ಜರು ಮಿಕ್ಸರಿನ ಬೋರ್ಡಿನಲ್ಲೇ ಇರಲಿ, ಬೇರೆ ಗೋಡೆಯ ಪ್ಲಗ್ಗಿನಿಂದ ತಂದರೆ ಎರಡು ಅರ್ತಿನ ನಡುವಿನ ವ್ಯತ್ಯಾಸ ಸ್ಪೀಕರಿನಲ್ಲಿ ಜೇನುಹುಳುವಿನಂತೆ ಗುಂಯ್ಗುಡಬಹುದು. ಹಾಗೇನಾದರೂ ಆದರೆ ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತರೆ ಕಾರಣ ಅದೇ.

ಇಷ್ಟಾದರೂ ಯುಎಸ್‌ಬಿ ಬಿಟ್ಟುಹೋದರೆ ಮಿಕ್ಸರ್ ಎದ್ದ ಮೇಲೆ ರೀಪರಿನಲ್ಲಿ ಆಡಿಯೊ ಡಿವೈಸನ್ನು ಮತ್ತೆ ತೆರೆದು ರೆಕಾರ್ಡ್ ಒತ್ತಿ. ಲ್ಯಾಪ್‌ಟಾಪೇ ಕುಸಿದು ಕೊನೆಯ ಫೈಲು ತೆರೆಯದೇ ಹೋದರೆ ಅಳಿಸಬೇಡಿ. ಉದ್ದ ಎಷ್ಟು ಎಂಬ ವಿವರ ಫೈಲಿನ ತಲೆಯಲ್ಲಿ ಬರೆಯುವಷ್ಟರಲ್ಲಿ ನಿಂತಿರುತ್ತದೆ, ಸದ್ದು ಒಳಗಿರುತ್ತದೆ. ಅಡಾಸಿಟಿಯಲ್ಲಿ `File > Import > Raw Data` ಮೂಲಕ 24 ಬಿಟ್ ಸೈನ್ಡ್, ಲಿಟಲ್ ಎಂಡಿಯನ್, ಮೋನೊ, 48000 ಎಂದು ಕೊಟ್ಟು ತೆರೆಯಿರಿ. ಬರೀ ಸುಯ್ ಎಂಬ ಗದ್ದಲ ಕೇಳಿದರೆ ಗಾಬರಿಯಾಗಬೇಡಿ: ಒಂದು ಸ್ಯಾಂಪಲ್ಲಿಗೆ 3 ಬೈಟ್, ಎಣಿಕೆ ತಪ್ಪು ಬೈಟಿನಿಂದ ಶುರುವಾಗಿದೆ. ಆರಂಭದ ಆಫ್‌ಸೆಟ್ 0, 1, 2 ಎಂದು ಒಂದೊಂದಾಗಿ ಕೊಟ್ಟರೆ ಮೂರರಲ್ಲಿ ಒಂದಕ್ಕೆ ಹಾಡು ಕೇಳುತ್ತದೆ.

ಜೊತೆಗೆ ಮಿಕ್ಸರಿನ ಮೇಲ್ಭಾಗದ ಕಿಂಡಿಯಲ್ಲಿ ಫ್ಯಾಟ್32 ಮಾಡಿದ ಪೆನ್‌ಡ್ರೈವ್ ಹಾಕಿ ಎಡ ಬಲವನ್ನು ರೆಕಾರ್ಡ್ ಮಾಡಿ. 16 ಬಿಟ್ಟಿನ ಸ್ಟೀರಿಯೊ, ಗಂಟೆಗೆ 700 ಎಂಬಿಯಷ್ಟು. ಲ್ಯಾಪ್‌ಟಾಪ್ ಕೈಕೊಟ್ಟ ದಿನ ಕೈಗೆ ಸಿಗುವುದು ಇದೊಂದೇ.

ಕಾರ್ಯಕ್ರಮಕ್ಕೆ ವಾರ ಮೊದಲು, ಮೈಕಿಲ್ಲದೆಯೇ, ಅದೇ ಲ್ಯಾಪ್‌ಟಾಪು ಅದೇ ಕೇಬಲ್ಲಿನಲ್ಲಿ 32 ಟ್ರ್ಯಾಕನ್ನೂ ಒಂದು ಗಂಟೆ ಓಡಿಸಿ. ಆ ದಿನ ಹಾಲಿನಲ್ಲಿ ರೆಕಾರ್ಡ್ ಒತ್ತಿ, ಒಬ್ಬರನ್ನು ವೇದಿಕೆ ಮೇಲೆ ಕಳಿಸಿ, ಪ್ರತಿ ಮೈಕನ್ನೂ ಬೆರಳಿನಿಂದ ಮೆಲ್ಲಗೆ ಕೆರೆಯಲು ಹೇಳಿ, ಪರದೆಯ ಮೇಲೆ ಆ ಹೆಸರಿನ ಟ್ರ್ಯಾಕೇ ಅಲುಗುತ್ತಿದೆಯೇ ನೋಡಿ. ಕೊಳಲು ಕೆರೆದಾಗ ಹಾರ್ಮೋನಿಯಂ ಅಲುಗಿದರೆ ತಂತಿ ಅದಲುಬದಲಾಗಿದೆ. ಆಮೇಲೆ ಎಲ್ಲರೂ ನುಡಿಸುವಾಗ ಎರಡು ನಿಮಿಷ ತೆಗೆದು, ನಿಲ್ಲಿಸಿ, ಹೆಡ್‌ಫೋನನ್ನು ಲ್ಯಾಪ್‌ಟಾಪಿಗೆ ಹಾಕಿ ರೀಪರಿನ ಡಿವೈಸನ್ನು ಆ ಹೊತ್ತಿಗೆ ಬದಲಿಸಿಕೊಂಡು ಒಂದೊಂದೇ ಟ್ರ್ಯಾಕ್ ಕೇಳಿ, ಮುಗಿದ ಮೇಲೆ ಆಸಿಯೊಗೆ ಮರಳಿ. ಮಿಕ್ಸರಿನಲ್ಲೇ ವಾಪಸ್ ಕೇಳಲೂಬಹುದು: `ROUTING`ನ `Inputs` ಪುಟದಲ್ಲಿ ಮೂಲವನ್ನು `Card`ಗೆ ತಿರುಗಿಸಿದರೆ ರೆಕಾರ್ಡ್ ಆದದ್ದು ಚಾನೆಲ್‌ಗಳಿಗೆ ಬರುತ್ತದೆ. ಆದರೆ ವಾಪಸ್ ತಿರುಗಿಸಲು ಮರೆತರೆ ಪ್ರಾರ್ಥನೆಯ ಹೊತ್ತಿಗೆ ವೇದಿಕೆಯ ಒಂದು ಮೈಕೂ ಕೆಲಸ ಮಾಡುವುದಿಲ್ಲ. ಮೊದಲ ಸಲಕ್ಕೆ ಹೆಡ್‌ಫೋನೇ ಸಾಕು.

ಶುರುವಾಗುವ ಹತ್ತು ನಿಮಿಷ ಮೊದಲೇ ರೆಕಾರ್ಡ್ ಒತ್ತಿ, ಕೊನೆಯ ವಂದನೆ ಮುಗಿಯುವವರೆಗೆ ನಿಲ್ಲಿಸಲೇಬೇಡಿ. ಹಾಡಿಗೊಂದು ಫೈಲ್ ಮಾಡಲು ಹೋದವರು ಯಾವುದಾದರೂ ಒಂದು ಹಾಡಿನ ಆಲಾಪನೆ ಕಳೆದುಕೊಳ್ಳುತ್ತಾರೆ. ಹಾಡು ಶುರುವಾದಾಗಲೆಲ್ಲ `M` ಒತ್ತಿದರೆ ಅಲ್ಲೊಂದು ಗುರುತು ಬೀಳುತ್ತದೆ. ಒಬ್ಬರನ್ನು ಲ್ಯಾಪ್‌ಟಾಪಿನ ಹತ್ತಿರವೇ ಕೂರಿಸಿ, ಅವರಿಗೆ ಬೇರೆ ಕೆಲಸ ಕೊಡಬೇಡಿ. ಮುಗಿದ ಮೇಲೆ ಮಿಕ್ಸರ್ ಆರಿಸುವ ಮೊದಲು ರೆಕಾರ್ಡಿಂಗ್ ನಿಲ್ಲಿಸಿ, ಪ್ರಾಜೆಕ್ಟ್ ಸೇವ್ ಮಾಡಿ, ಕೊನೆಯ ಹಾಡಿನ ಒಂದೆರಡು ಟ್ರ್ಯಾಕ್ ಕೇಳಿ, ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡೇ ಹಾಲ್ ಬಿಡಿ.

ಎಕ್ಸ್32 ಸಿಗದೆ ಬೇರೆ ಮಿಕ್ಸರ್ ಬಾಡಿಗೆಗೆ ಬಂದರೆ ಅದರ ಯುಎಸ್‌ಬಿಯಲ್ಲಿ ಎಷ್ಟು ಚಾನೆಲ್ ಎಂದು ಮೊದಲೇ ಕೇಳಿ. ಎಕ್ಸ್‌ಆರ್18ರಲ್ಲಿ 18 ಚಾನೆಲ್ ಸಿಗುತ್ತವೆ, ನೋಡಲು ಅದರ ತಮ್ಮನಂತಿರುವ ಎಕ್ಸ್‌ಆರ್16ರಲ್ಲಿ ಪೆನ್‌ಡ್ರೈವಿಗೆ ಎರಡು ಟ್ರ್ಯಾಕ್ ಅಷ್ಟೇ. ಸೌಂಡ್‌ಕ್ರಾಫ್ಟ್ ಯುಐ24ಆರ್ ಕಂಪ್ಯೂಟರಿಗೆ 32 ಚಾನೆಲ್ ಕೊಡುತ್ತದೆ. ಅಲೆನ್ ಅಂಡ್ ಹೀತ್ ಎಸ್‌ಕ್ಯೂ 96 ಕಿಲೋಹರ್ಟ್ಸಿನಲ್ಲಿ ಓಡುತ್ತದೆ, ರೆಕಾರ್ಡಿಂಗನ್ನೂ 96ರಲ್ಲೇ ಮಾಡಿದರೆ ಮೇಲೆ ಹೇಳಿದ ಜಿಬಿ ಲೆಕ್ಕವನ್ನು ಎರಡರಿಂದ ಗುಣಿಸಿಕೊಳ್ಳಿ.